ಅದು ೬ ಹೌದೇ, ೯ ಇರಬಹುದೇ? ಫೋಟೋ ತೆಗೆದ ದಾಖಲೆಯಲ್ಲಿ ಮೊತ್ತವನ್ನು ತಪ್ಪಿಲ್ಲದೆ ಓದುವ ಕ್ರಮ

ಮನೆಯ ಹಳೆಯ ಕ್ರಯಪತ್ರ, ಭೋಗ್ಯಪತ್ರ, ಅಜ್ಜನ ಜಮಾ–ಖರ್ಚಿನ ಪುಸ್ತಕ, ಸೊಲ್ಲಾಪುರದ ಕಡೆಯ ಜಮೀನಿನ ಉತಾರೆ ಇವುಗಳ ಫೋಟೋ ಕಳುಹಿಸಿ "ಇಲ್ಲಿರುವುದು ಎಷ್ಟು ರೂಪಾಯಿ?" ಎಂದು ಕೇಳುವ ಓದುಗರು ಬಹಳ ಮಂದಿ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬರೆದ ಉತ್ತರವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಅಕ್ಷರ ಒಂದು ಮಸುಕಾದರೆ ಅಕ್ಕಪಕ್ಕದ ಪದಗಳು ಅದನ್ನು ಹಿಡಿದುಕೊಡುತ್ತವೆ. ಅಂಕಿಗೆ ಅಂಥ ಆಸರೆ ಇಲ್ಲ. ೪೬ ಎಂದು ಓದಿದರೂ ಸರಿ ಕಾಣುತ್ತದೆ, ೪೯ ಎಂದು ಓದಿದರೂ ಸರಿಯೇ ಕಾಣುತ್ತದೆ. ಆದ್ದರಿಂದ ಅಂಕಿಯ ಆಕಾರವನ್ನು ಮಾತ್ರ ನಂಬದೆ, ಅದೇ ದಾಖಲೆಯ ಬೇರೆ ಭಾಗಗಳಿಂದ ಸಾಕ್ಷಿ ಹೇಳಿಸಬೇಕು. ಅದನ್ನು ಮಾಡುವ ಬಗೆ ಈ ಲೇಖನದಲ್ಲಿದೆ.

ಒಂದು ಸೂಚನೆ. ನಾನು ಹೇಳುವ ಸಂಖ್ಯೆಗಳನ್ನು 1, 2, 3 ಎಂದು ಬರೆಯುತ್ತೇನೆ. ೧, ೨, ೩ ಅಥವಾ १, २, ३ ಎಂದು ಇರುವಲ್ಲಿ ಅದು ದಾಖಲೆಯ ಮೇಲೆ ಕಾಣುವ ಅಂಕಿ ಎಂದು ತಿಳಿಯಿರಿ.

ಬೇಕಾಗುವುದು

ಮೂಲ ಕಾಗದ ನಿಮ್ಮ ಕೈಯಲ್ಲೇ ಇದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಅದನ್ನು ಇಟ್ಟುಕೊಂಡವರು ಮತ್ತೊಮ್ಮೆ ಫೋಟೋ ತೆಗೆದುಕೊಡಲು ಒಪ್ಪಬೇಕು. ಇದರ ಜೊತೆಗೆ ಒಂದು ಮೇಜುದೀಪ ಅಥವಾ ಟಾರ್ಚ್, ಒಂದು ಬಿಳಿ ಹಾಳೆ, ಪೆನ್ಸಿಲ್, ಮತ್ತು ನೀವು ಓದಿದ್ದನ್ನು ನೋಡದೆ ತಾನೇ ಓದಬಲ್ಲ ಇನ್ನೊಬ್ಬ ವ್ಯಕ್ತಿ ಸಾಕು. ಆ ಇನ್ನೊಬ್ಬರಿಗೆ ಹಳೆಯ ಬರಹದ ಪರಿಚಯ ಇರಲೇಬೇಕೆಂದಿಲ್ಲ. ಕಣ್ಣು ಚುರುಕಾಗಿದ್ದರೆ ಆಯಿತು.

1. ಮೊದಲು ಫೋಟೋ ಸರಿಪಡಿಸಿ

ಇಡೀ ಪುಟದ ಒಂದು ಚಿತ್ರ, ಮೊತ್ತಗಳಿರುವ ಭಾಗದ ಹತ್ತಿರದ ಚಿತ್ರ ಎರಡು, ಪುಟದ ಹಿಂಬದಿಯದು ಒಂದು: ಕನಿಷ್ಠ ಇಷ್ಟು ಬೇಕು. ಹತ್ತಿರದ ಎರಡು ಚಿತ್ರಗಳಲ್ಲಿ ಒಂದಕ್ಕೆ ಬೆಳಕು ಎಡದಿಂದ ಬೀಳಲಿ, ಇನ್ನೊಂದಕ್ಕೆ ಬಲದಿಂದ. ಕಾಗದದ ಮಡಿಕೆಯ ನೆರಳು ಅಂಕಿಯ ಗೆರೆಯಂತೆ ಕಾಣುವುದುಂಟು. ಬೆಳಕಿನ ದಿಕ್ಕು ಬದಲಾದಾಗ ನೆರಳು ಜಾಗ ಬದಲಿಸುತ್ತದೆ, ಶಾಯಿ ಇದ್ದಲ್ಲೇ ಇರುತ್ತದೆ.

ಹಿಂಬದಿಯ ಚಿತ್ರ ಏಕೆ ಎಂದು ಕೇಳುವವರಿದ್ದಾರೆ. ತೆಳು ಕಾಗದದಲ್ಲಿ ಹಿಂದಿನ ಶಾಯಿ ಮುಂದಕ್ಕೆ ಇಣುಕುತ್ತದೆ, ಅದೂ ತಿರುಗುಮುರುಗಾಗಿ. ದೇವನಾಗರಿಯ ३ ಹೀಗೆ ಇಣುಕಿದರೆ ಮುಂಬದಿಯಲ್ಲಿ ಅಚ್ಚುಕಟ್ಟಾದ ६ ಆಗಿ ಕಾಣುತ್ತದೆ. ಎರಡೂ ಬದಿಯ ಚಿತ್ರಗಳನ್ನು ಹೋಲಿಸಿದರೆ ಆ ಅಂಕಿ ಯಾವ ಬದಿಯದು ಎಂದು ತಿಳಿಯುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಮೊದಲನೆಯದು, ಮೊಬೈಲಿನ ಸ್ಕ್ಯಾನರ್ ಆ್ಯಪ್‌ಗಳ ಕಪ್ಪು–ಬಿಳುಪು ಆಯ್ಕೆ. ಪುಟ ಸ್ವಚ್ಛವಾಗಿ ಕಾಣುತ್ತದೆ, ಆದರೆ ಮಸುಕಾದ ಗೆರೆ, ಬಿಂದು, ಅಲ್ಪವಿರಾಮ ಮಾಯವಾಗುತ್ತವೆ. ದಪ್ಪ ಗೆರೆಗಳ ನಡುವಿನ ಸಣ್ಣ ತೆರವು ಮುಚ್ಚಿಹೋಗುತ್ತದೆ. ಬಣ್ಣದ ಚಿತ್ರವನ್ನೇ ಇಟ್ಟುಕೊಳ್ಳಿ. ಎರಡನೆಯದು, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದಾಗ ಚಿತ್ರ ಕುಗ್ಗುತ್ತದೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿ ಕಳುಹಿಸಿದರೆ ಮೂಲದ ಗುಣಮಟ್ಟ ಉಳಿಯುತ್ತದೆ. ನನಗೆ ಬರುವ "ಓದಲಾಗದ" ದಾಖಲೆಗಳಲ್ಲಿ ಎಷ್ಟೋ ಹೀಗೆ ಮತ್ತೆ ತರಿಸಿಕೊಂಡ ಕೂಡಲೇ ಓದಲು ಸಿಕ್ಕಿವೆ.

2. ಯಾವ ಅಂಕಿಗಳ ಕೈ ಎಂದು ಗೊತ್ತುಮಾಡಿಕೊಳ್ಳಿ

ಮೊತ್ತಕ್ಕೆ ಹೋಗುವ ಮೊದಲೇ ಈ ಬರಹಗಾರ ಕನ್ನಡ ಅಂಕಿ ಬರೆಯುತ್ತಿದ್ದನೋ, ದೇವನಾಗರಿಯೋ, ಇಂಗ್ಲಿಷ್ ಅಂಕಿಗಳೋ ಎಂಬುದನ್ನು ಇತ್ಯರ್ಥ ಮಾಡಿ. ಇಂಗ್ಲಿಷ್ ಅಂಕಿ ಎಂದು ನಾವು ಕರೆಯುವುದು 1, 2, 3 ರೂಪವನ್ನು. ಸಂವಿಧಾನದ 343ನೇ ವಿಧಿ ಅದನ್ನು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಎನ್ನುತ್ತದೆ.

ಒಂದೇ ಪುಟದಲ್ಲಿ ಎರಡು ಬಗೆಯ ಅಂಕಿಗಳು ಇರುವುದು ಸಾಮಾನ್ಯ. ಛಾಪಾ ಕಾಗದದ ಮುದ್ರಿತ ಸಂಖ್ಯೆ ಇಂಗ್ಲಿಷ್ ಅಂಕಿಯಲ್ಲಿ, ಪತ್ರದ ಒಡಲು ಕನ್ನಡ ಅಂಕಿಯಲ್ಲಿ, ಅಂಚಿನಲ್ಲಿ ಕಚೇರಿಯವರು ಹಾಕಿದ ಸಂಖ್ಯೆ ಮತ್ತೆ ಇಂಗ್ಲಿಷಿನಲ್ಲಿ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಅಲ್ಲಿನ ಹಳೆಯ ಕಾಗದಗಳಲ್ಲಿ ಮರಾಠಿ ಬರಹ, ಅದರಲ್ಲೂ ಮೋಡಿ ಲಿಪಿ, ಧಾರಾಳವಾಗಿ ಸಿಗುತ್ತದೆ. ಮೋಡಿ ಎಂದರೆ ಮರಾಠಿಯನ್ನು ವೇಗವಾಗಿ ಬರೆಯಲು ಬಳಸುತ್ತಿದ್ದ ಕೂಡುಬರಹ. ಅಕ್ಷರಗಳು ಅರ್ಥವಾಗದಿದ್ದರೂ ಅದರ ಅಂಕಿಗಳು ದೇವನಾಗರಿಯವನ್ನು ಹೋಲುತ್ತವೆ.

ಈ ಹೆಜ್ಜೆಯನ್ನು ಬಿಟ್ಟರೆ ಆಗುವ ಅನಾಹುತ ಇಷ್ಟು: ದೇವನಾಗರಿಯ १ ಒಂದನ್ನು ಇಂಗ್ಲಿಷಿನ 9 ಎಂದು ಓದುತ್ತೀರಿ. १०० ರೂಪಾಯಿ 900 ಆಗುತ್ತದೆ. ಕನ್ನಡದ ೪ ಮತ್ತು ದೇವನಾಗರಿಯ ४ ಎರಡೂ, ಬರೆಯುವಾಗ ಮೇಲಿನ ಬಾಯಿ ಕೂಡಿಕೊಂಡರೆ, ಇಂಗ್ಲಿಷಿನ 8ರ ತದ್ರೂಪ. ೪೦೦ ರೂಪಾಯಿಯ ಸಾಲ 800 ಆಗುವುದು ಹೀಗೆಯೇ.

3. ಅದೇ ಕೈಯ ಮಾದರಿ ಪಟ್ಟಿ ಮಾಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಹೆಚ್ಚು ಮಂದಿ ಹಾರಿಸುವುದೂ ಇದನ್ನೇ. ಪುಸ್ತಕದಲ್ಲಿ ಅಚ್ಚಾದ ೬ ಹೇಗಿದೆ ಎಂಬುದು ನಿಮಗೆ ಮುಖ್ಯವಲ್ಲ. ಈ ಶ್ಯಾನುಭೋಗರು ೬ನ್ನು ಹೇಗೆ ಬರೆಯುತ್ತಿದ್ದರು ಎಂಬುದು ಮುಖ್ಯ.

ಅದಕ್ಕೆ ದಾಖಲೆಯಲ್ಲಿ ನಿಮಗೆ ಮೊದಲೇ ಗೊತ್ತಿರುವ ಸಂಖ್ಯೆಗಳನ್ನು ಹುಡುಕಿ. ಎಲ್ಲಕ್ಕಿಂತ ಒಳ್ಳೆಯದು ಕ್ರಮಸಂಖ್ಯೆ. ಲೆಕ್ಕದ ಪುಟದ ಎಡಗಡೆ ೧, ೨, ೩ ಎಂದು ಸಾಲಾಗಿ ಹತ್ತರವರೆಗೆ ಹಾಕಿದ್ದರೆ ಹತ್ತು ಅಂಕಿಗಳೂ ಅದೇ ಕೈಬರಹದಲ್ಲಿ ಸಿಕ್ಕಂತೆ. ಆರನೆಯ ಸಾಲಿನ ಮುಂದಿರುವುದು ೬ ಆಗಿರಲೇಬೇಕು. ಪುಟಸಂಖ್ಯೆಗಳೂ ಹೀಗೆಯೇ ಕೆಲಸಕ್ಕೆ ಬರುತ್ತವೆ. ಇಸವಿ ಇನ್ನೊಂದು ಆಧಾರ: ೧೯೪೮ ಎಂದು ಇದ್ದರೆ ೧, ೯, ೪, ೮ ನಾಲ್ಕೂ ದೊರೆತವು. ನಿಮಗೆ ಬೇರೆ ಕಡೆಯಿಂದ ತಿಳಿದಿರುವ ಸರ್ವೆ ನಂಬರ್ ಇದ್ದರೆ ಅದೂ ಸೇರಲಿ. ಮರಾಠಿ ಕಾಗದದಲ್ಲಿ ಇಸವಿಯ ಬದಲು ಶಕೆ ಇರಬಹುದು. ಶಕ ವರ್ಷಕ್ಕೆ 78 ಕೂಡಿಸಿದರೆ ಆ ಸಂವತ್ಸರ ಆರಂಭವಾದ ಇಸವಿ ಬರುತ್ತದೆ. १८७० ಎಂದರೆ 1948.

ಬಿಳಿ ಹಾಳೆಯ ಮೇಲೆ 0ಯಿಂದ 9ರವರೆಗೆ ಹತ್ತು ಮನೆ ಹಾಕಿ. ಫೋಟೋ ಹಿಗ್ಗಿಸಿ, ಗೊತ್ತಿರುವ ಪ್ರತಿ ಅಂಕಿಯ ಆಕಾರವನ್ನು ಪೆನ್ಸಿಲಿನಿಂದ ನೋಡಿದ ಹಾಗೆಯೇ ಬಿಡಿಸಿ. ಚಂದ ಮಾಡಲು ಹೋಗಬೇಡಿ. ಪ್ರತಿ ಮನೆಗೆ ಎರಡು ಮೂರು ಮಾದರಿಗಳಿರಲಿ, ಏಕೆಂದರೆ ಒಬ್ಬನೇ ವ್ಯಕ್ತಿ ಸಂಖ್ಯೆಯ ಕೊನೆಯಲ್ಲಿ ಬರೆದ ಅಂಕಿಗೂ ನಡುವೆ ಬರೆದ ಅಂಕಿಗೂ ಬಾಲ ಬೇರೆಯಾಗಿರುತ್ತದೆ. ಪುಟದ ನಡುವೆ ಕೈಬರಹ ಬದಲಾದರೆ ಹೊಸ ಪಟ್ಟಿ ಮಾಡಿ.

4. ಸಂಶಯದ ಜೋಡಿಗಳನ್ನು ಗುರುತಿಸಿ

ಕನ್ನಡ ಅಂಕಿಗಳಲ್ಲಿ ತೊಂದರೆ ಕೊಡುವ ಜೋಡಿಗಳು ಮೂರೇ.

೦ ಮತ್ತು ೧. ಸೊನ್ನೆ ಪೂರ್ತಿ ಮುಚ್ಚಿದ ವೃತ್ತ, ಒಂದು ಕೆಳಗೆ ಬಾಯಿ ತೆರೆದ ವೃತ್ತ. ಆ ಬಾಯಿಗೆ ಶಾಯಿ ಹರಡಿದರೆ ಅಥವಾ ಚಿತ್ರ ಮಸುಕಾದರೆ ೧ ಸೊನ್ನೆಯಾಗುತ್ತದೆ, ೨೧೦ ಎಂಬುದು ೨೦೦ ಆಗುತ್ತದೆ. ಹಿಗ್ಗಿಸಿ ನೋಡುವಾಗ ವೃತ್ತದ ಕೆಳಭಾಗವನ್ನೇ ನೋಡಿ: ಸೊನ್ನೆಯಲ್ಲಿ ಗೆರೆ ಒಂದೇ ದಪ್ಪದಲ್ಲಿ ಸುತ್ತುತ್ತದೆ, ಮುಚ್ಚಿಹೋದ ೧ರಲ್ಲಿ ಕೆಳಗೆ ಶಾಯಿ ಗಂಟಾಗಿರುತ್ತದೆ.

೨ ಮತ್ತು ೩. ಮೂರು ಎಂಬುದು ಎರಡರಂತೆಯೇ ಹೊರಟು ಬುಡದಲ್ಲಿ ಇನ್ನೊಂದು ಮಡಿಕೆ ಹಾಕುತ್ತದೆ. ಆ ಮಡಿಕೆ ಕಾಗದದ ರೂಲಿನ ಗೆರೆಯ ಮೇಲೆ ಕುಳಿತರೆ ಕಾಣಿಸುವುದಿಲ್ಲ. ಗೆರೆಯ ಬಣ್ಣ ಬೇರೆ, ಶಾಯಿಯ ಬಣ್ಣ ಬೇರೆ. ಕಪ್ಪು–ಬಿಳುಪು ಚಿತ್ರ ಬೇಡ ಎಂದದ್ದು ಇದಕ್ಕೂ ಹೌದು.

೬ ಮತ್ತು ೯. ಇವೆರಡೂ ದಾಯಾದಿಗಳು. ಒಡಲು ಬಹುತೇಕ ಒಂದೇ, ಬಾಲ ಮಾತ್ರ ಬೇರೆ: ೬ರದು ಕೆಳಗೆ ಹೊರಡುತ್ತದೆ, ೯ರದು ಮೇಲೆ. ಬಾಲ ಮೊಟಕಾಗಿದ್ದರೆ ಆಕಾರ ನೋಡಿ ತೀರ್ಮಾನಿಸುವ ಸಾಹಸ ಮಾಡಲೇಬೇಡಿ. ಸಂಶಯ ಎಂದು ಗುರುತು ಹಾಕಿ ಮುಂದಿನ ಹೆಜ್ಜೆಗಳಿಗೆ ಬಿಡಿ.

೯ಕ್ಕೆ ಇನ್ನೊಂದು ಕಾಟವಿದೆ. ಅರ್ಕಾವತ್ತು, ಅಂದರೆ ಅಕ್ಷರದ ಮುಂದೆ ಬರೆದು ಹಿಂದೆ ಉಚ್ಚರಿಸುವ ರ್‌ ಗುರುತು, ನೋಡಲು ೯ರ ಹಾಗೆಯೇ ಇರುತ್ತದೆ. ಹಳೆಯ ಲೆಕ್ಕದಲ್ಲಿ "ಖರ್ಚು ೫೦" ಎಂಬುದು "ಖಚು೯ ೫೦" ಎಂದು ಕಾಣುತ್ತದೆ. ಪದಕ್ಕೂ ಸಂಖ್ಯೆಗೂ ನಡುವೆ ತೆರವು ಕಡಿಮೆಯಾದರೆ ಐವತ್ತು ರೂಪಾಯಿಯ ಖರ್ಚು ಒಂಬೈನೂರ ಐವತ್ತು! ಖರ್ಚು, ಫರ್ದು, ಮಾರ್ಚಿ, ವರ್ಷ ಇಂಥ ಪದಗಳ ಪಕ್ಕದಲ್ಲೇ ಸಂಖ್ಯೆ ಇದ್ದಾಗ ಮೊದಲು ಪದವನ್ನು ಪೂರ್ತಿ ಓದಿ, ಉಳಿದದ್ದಷ್ಟೇ ಸಂಖ್ಯೆ.

ದೇವನಾಗರಿಯಲ್ಲಿ १ ಮತ್ತು ९ ಮೊದಲ ಜೋಡಿ. ಎರಡಕ್ಕೂ ಸುರುಳಿ ಮೇಲೆ, ಕೆಳಗೆ ಬಾಲ. ९ರ ಸುರುಳಿ ಹೊರಳುವ ದಿಕ್ಕು ಬೇರೆ, ಆದರೆ ಅವಸರದ ಕೈಯಲ್ಲಿ ಆ ಭೇದ ಅಳಿಸಿಹೋಗುತ್ತದೆ. ३ ಮತ್ತು ६ ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬ. ಇಂಗ್ಲಿಷ್ ಅಂಕಿಗೆ ಒಗ್ಗಿದ ಕಣ್ಣಿಗೆ ५ ಎಂಬುದು 4ರಂತೆ ಕಾಣುತ್ತದೆ, ७ ಕನ್ನಡಿಯಲ್ಲಿ ಕಂಡ 6ರಂತಿದೆ. ಇದಲ್ಲದೆ ५, ८, ९ ಈ ಮೂರರ ರೂಪ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಹಿಂದಿ ಪಠ್ಯಪುಸ್ತಕದಲ್ಲಿ ಕಲಿತ ಆಕಾರವನ್ನು ಹಿಡಿದು ಹಳೆಯ ಮರಾಠಿ ಕಾಗದವನ್ನು ಓದಲು ಹೊರಟರೆ ಗೊಂದಲ ಖಂಡಿತ. ಮಾದರಿ ಪಟ್ಟಿಯೇ ದಾರಿ.

5. ಅಂಕಿಯಲ್ಲದ ಗೆರೆಗಳನ್ನು ಬೇರೆ ಮಾಡಿ

ಮೊತ್ತವನ್ನು ಹತ್ತು ಪಟ್ಟು, ನೂರು ಪಟ್ಟು ಏರಿಸುವ ತಪ್ಪು ಅಂಕಿಗಳಿಂದ ಬರುವುದಕ್ಕಿಂತ ಇವುಗಳಿಂದ ಬರುವುದೇ ಜಾಸ್ತಿ.

ಹಳೆಯ ಲೆಕ್ಕದಲ್ಲಿ ಸಂಖ್ಯೆಯ ನಂತರ ನಿಂತ ಗೆರೆಗಳು ಭಿನ್ನರಾಶಿಯ ಗುರುತುಗಳು. ಒಂದು ಗೆರೆ ಕಾಲು, ಎರಡು ಗೆರೆ ಅರೆ, ಮೂರು ಗೆರೆ ಮುಕ್ಕಾಲು. ೨॥ ಎಂದರೆ ಎರಡೂವರೆ. ರೂಪಾಯಿಯ ಲೆಕ್ಕದಲ್ಲಿ ಎರಡು ರೂಪಾಯಿ ಎಂಟು ಆಣೆ. ಇದನ್ನು 211 ಎಂದು ಟೈಪು ಮಾಡಿ ಕಳುಹಿಸಿದವರನ್ನು ನಾನು ನೋಡಿದ್ದೇನೆ. ಗುರುತು ಹಿಡಿಯುವುದು ಸುಲಭ: ಕನ್ನಡದ ೧ಕ್ಕಾಗಲಿ ದೇವನಾಗರಿಯ १ಕ್ಕಾಗಲಿ ಸುರುಳಿ ಇರುತ್ತದೆ, ಬರಿಯ ನೆಟ್ಟಗಿನ ಗೆರೆ ಈ ಎರಡೂ ಲಿಪಿಗಳಲ್ಲಿ ಒಂದು ಅಲ್ಲ. ಮರಾಠಿ ಲೆಕ್ಕಗಳಲ್ಲಿ ಇವುಗಳ ಪಕ್ಕದಲ್ಲಿ ಸಣ್ಣ ಅಡ್ಡ ಗೆರೆಗಳೂ ಇರಬಹುದು. ಅವು ಒಂದರಿಂದ ಮೂರು ಆಣೆಯವರೆಗಿನ ಗುರುತು.

ಮೊತ್ತದ ಕೊನೆಯ "/-" ಇನ್ನೊಂದು. "ಇಷ್ಟೇ, ಮುಂದೆ ಪೈಸೆ ಇಲ್ಲ" ಎಂದು ಹಾಕುವ ಮುಚ್ಚಳ ಅದು. ಇಂಗ್ಲಿಷ್ ಅಂಕಿಯಲ್ಲಿ 500/- ಎಂದಿದ್ದರೆ ಓರೆಗೆರೆ 1 ಆಗಿ 5001 ಎಂದು ಓದಿಸಿಕೊಳ್ಳುತ್ತದೆ.

ಬಿಂದು ಮತ್ತು ಅಲ್ಪವಿರಾಮ ಮಾಯವಾದಾಗ ೫೦.೦೦ ಎಂಬುದು ೫೦೦೦ ಆಗುತ್ತದೆ. ಕೊನೆಯ ಎರಡು ಅಂಕಿಗಳು ಸ್ವಲ್ಪ ಸಣ್ಣದಾಗಿ ಅಥವಾ ಮೇಲೆತ್ತಿ ಬರೆದಂತಿದ್ದರೆ, ಇಲ್ಲವೇ ಅವುಗಳ ಮುಂದೆ ತೆರವು ಜಾಸ್ತಿ ಇದ್ದರೆ ಅವು ಪೈಸೆಯೇ. ಅಲ್ಪವಿರಾಮ ಇದ್ದರೆ ಅದನ್ನು ಬಳಸಿಕೊಳ್ಳಿ: ನಮ್ಮ ಪದ್ಧತಿಯಲ್ಲಿ ಕೊನೆಯ ಮೂರು ಅಂಕಿ ಬಿಟ್ಟು ನಂತರ ಎರಡೆರಡಕ್ಕೆ ವಿರಾಮ ಬೀಳುತ್ತದೆ. ೧,೨೫,೦೦ ಎಂದು ಕಂಡರೆ ಕೊನೆಗೆ ಒಂದು ಅಂಕಿ ಅಳಿಸಿರಬಹುದು.

6. ಮಿತಿ ದಾಟಿದೆಯೇ ನೋಡಿ

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆದ್ದರಿಂದ ರೂಪಾಯಿ–ಆಣೆ–ಪೈ ಎಂದು ಬರೆದ ಮೊತ್ತದಲ್ಲಿ ಆಣೆಯ ಜಾಗದಲ್ಲಿ 15ಕ್ಕಿಂತ, ಪೈಯ ಜಾಗದಲ್ಲಿ 11ಕ್ಕಿಂತ ದೊಡ್ಡದು ಬರುವಂತಿಲ್ಲ. ೨೫–೧೯–೬ ಎಂದು ಓದಿದ್ದೀರಾ? ತಪ್ಪು ಓದಿದ್ದೀರಿ, ೧೯ ಆಣೆ ಎಂಬುದಿಲ್ಲ. ೧೫ ಅಥವಾ ಅದಕ್ಕಿಂತ ಸಣ್ಣದು ಇರಬೇಕು, ಮಾದರಿ ಪಟ್ಟಿಗೆ ಹಿಂತಿರುಗಿ. ೧೬ ಆಗಿರಲೂ ಸಾಧ್ಯವಿಲ್ಲ, ಹದಿನಾರು ಆದ ಕೂಡಲೇ ಅದು ರೂಪಾಯಿ.

1957ರ ನಂತರದ ಕೆಲವು ವರ್ಷ "ನ.ಪೈ." ಎಂದು ಇರುತ್ತದೆ. ಅದು ನಯಾ ಪೈಸೆ, ರೂಪಾಯಿಗೆ 100. ಹೊಸ ನಾಣ್ಯ ಬಂದ ಮರುದಿನವೇ ಎಲ್ಲರೂ ಲೆಕ್ಕ ಬದಲಿಸಲಿಲ್ಲವಾದ್ದರಿಂದ, ಆ ಕಾಲದ ೧೨–೮ ಎಂಬುದು 12 ರೂಪಾಯಿ 8 ಆಣೆಯೇ, 8 ನಯಾ ಪೈಸೆಯೇ ಎಂಬುದನ್ನು ಅದೇ ಪುಟದ ಬೇರೆ ಮೊತ್ತಗಳಿಂದ ತೀರ್ಮಾನಿಸಿ. ಎಲ್ಲಿಯಾದರೂ ೧೨–೫೦ ಎಂಬಂಥದ್ದು ಕಂಡರೆ ಆಣೆಯ ಮಾತೇ ಇಲ್ಲ.

ಜಮೀನಿನ ಅಳತೆಗೂ ಇದೇ ಉಪಾಯ ನಡೆಯುತ್ತದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ೩ ಎಕರೆ ೪೨ ಗುಂಟೆ ಎಂದು ಓದಿದರೆ ೪ ತಪ್ಪು. ಮಹಾರಾಷ್ಟ್ರದ ಸಾತ್‌ಬಾರಾ ಉತಾರೆಯಲ್ಲಿ ಹೆಕ್ಟೇರ್ ಮತ್ತು ಆರ್ ಇದ್ದರೆ ಹೆಕ್ಟೇರಿಗೆ 100 ಆರ್, ಆದ್ದರಿಂದ ಅಲ್ಲಿ ಮಿತಿ 99. ೪೨ ಅಲ್ಲಿ ಸರಿಯಾಗಿರಬಹುದು. ಯಾವ ಅಳತೆ ಎಂದು ತಲೆಪಟ್ಟಿ ನೋಡದೆ ಅಂಕಿಯನ್ನು ತಿದ್ದಬೇಡಿ.

7. ಕೂಡಿಸಿ ನೋಡಿ

ಒಟ್ಟು ಮೊತ್ತ ಬರೆದಿರುವ ಪುಟವೇ ಇದ್ದರೆ ನಿಮ್ಮ ಅದೃಷ್ಟ. ವಿಧಾನವನ್ನು ತೋರಿಸಲು ನಾಲ್ಕು ಸಾಲಿನ ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಮೊದಲ ಓದಿನಲ್ಲಿ ಹೀಗೆ ಕಂಡಿದೆ:

ಅಕ್ಕಿ ೪೬–೧೨–೦
ಬೆಲ್ಲ ೧೪–೯–೮
ಎಣ್ಣೆ ೮–೧೧–೪
ಕೂಲಿ ೫–೪–೦
ಒಟ್ಟು ೭೮–೨–೦

ಅಕ್ಕಿಯ ಸಾಲಿನ ೬, ಬೆಲ್ಲದ ಸಾಲಿನ ೯ ಆಣೆ, ಇವೆರಡೂ ಮೊಟಕು ಬಾಲದವು, ಸಂಶಯದವು. ಉಳಿದವು ಸ್ಪಷ್ಟ.

ಪೈಯಿಂದ ಶುರುಮಾಡಿ. 8 ಮತ್ತು 4 ಸೇರಿ 12 ಪೈ, ಅಂದರೆ 1 ಆಣೆ, ಪೈ ಸೊನ್ನೆ. ಆಣೆ: 12, 9, 11, 4, ಕೈಯಲ್ಲಿದ್ದ 1, ಒಟ್ಟು 37, ಅದು 2 ರೂಪಾಯಿ 5 ಆಣೆ. ರೂಪಾಯಿ: 46, 14, 8, 5 ಸೇರಿ 73, ಕೈಯಲ್ಲಿದ್ದ 2 ಸೇರಿ 75. ನಮಗೆ ಬಂದದ್ದು 75–5–0. ಪುಟದಲ್ಲಿರುವುದು 78–2–0.

ಈಗ ವ್ಯತ್ಯಾಸವನ್ನು ಪ್ರತಿ ಮನೆಯಲ್ಲೂ ಬೇರೆ ಬೇರೆಯಾಗಿ ನೋಡಿ. ರೂಪಾಯಿಯಲ್ಲಿ ನಮ್ಮದು 3 ಕಡಿಮೆ, ಆಣೆಯಲ್ಲಿ 3 ಹೆಚ್ಚು. ಮೂರು ಎಂಬುದು ೬ ಮತ್ತು ೯ ಅದಲುಬದಲಾದಾಗ ಉಳಿಯುವ ಹೆಜ್ಜೆಗುರುತು. ರೂಪಾಯಿಯಲ್ಲಿ ಕಡಿಮೆ ಬಂದದ್ದರಿಂದ ೯ನ್ನು ೬ ಎಂದು ಓದಿದ್ದೇವೆ, ಆಣೆಯಲ್ಲಿ ಹೆಚ್ಚು ಬಂದದ್ದರಿಂದ ೬ನ್ನು ೯ ಎಂದು ಓದಿದ್ದೇವೆ. ತಿದ್ದಿದರೆ ಅಕ್ಕಿ ೪೯–೧೨–೦, ಬೆಲ್ಲ ೧೪–೬–೮. ಮತ್ತೆ ಕೂಡಿಸಿ: ಆಣೆ 34, ಅಂದರೆ 2 ರೂಪಾಯಿ 2 ಆಣೆ, ರೂಪಾಯಿ 76 ಮತ್ತು 2, ಒಟ್ಟು 78. ಪುಟದ ಒಟ್ಟಿಗೆ ತಾಳೆಯಾಯಿತು.

ಬೇರೆ ಜೋಡಿಗಳಿಗೂ ಹೀಗೆ ಹೆಜ್ಜೆಗುರುತುಗಳಿವೆ. ೦–೧, ೨–೩ ತಪ್ಪಿದರೆ ಆ ಸ್ಥಾನದಲ್ಲಿ ವ್ಯತ್ಯಾಸ 1. ದೇವನಾಗರಿಯ १–९ ತಪ್ಪಿದರೆ 8, ३–६ ತಪ್ಪಿದರೆ 3, ೪ ಅಥವಾ ४ನ್ನು 8 ಎಂದು ಓದಿದರೆ 4. ತಪ್ಪಾದ ಅಂಕಿ ನೂರರ ಸ್ಥಾನದಲ್ಲಿದ್ದರೆ ವ್ಯತ್ಯಾಸ 100, 800, 300 ಹೀಗೆ ಬರುತ್ತದೆ; ಆಗ ಬಿಡಿ ಸ್ಥಾನದ ಅಂಕಿಗಳನ್ನು ದಿಟ್ಟಿಸುತ್ತಾ ಕೂರಬೇಕಿಲ್ಲ, ನೇರವಾಗಿ ನೂರರ ಕಂಬಕ್ಕೆ ಹೋಗಿ.

ಎರಡು ಎಚ್ಚರಿಕೆ. ಒಂದೇ ಕಂಬದಲ್ಲಿ ಒಂದು ೬ನ್ನು ೯ ಎಂದೂ ಇನ್ನೊಂದು ೯ನ್ನು ೬ ಎಂದೂ ಓದಿದರೆ ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಒಟ್ಟು ಸರಿಬರುತ್ತದೆ. ಸಂಶಯದ ಅಂಕಿ ಒಂದೇ ಕಂಬದಲ್ಲಿ ಎರಡಿದ್ದರೆ ಕೂಡುವ ಲೆಕ್ಕವನ್ನು ಮಾತ್ರ ನಂಬಬೇಡಿ. ಮತ್ತೆ, ಬರೆದವರೇ ಕೂಡುವಾಗ ತಪ್ಪಿರಬಹುದು. ಸ್ಪಷ್ಟವಾಗಿ ಕಾಣುವ ಅಂಕಿಯನ್ನು ಒಟ್ಟಿಗೆ ತಾಳೆಯಾಗಲೆಂದು ಬಗ್ಗಿಸಬೇಡಿ. ಲೆಕ್ಕ ಹೊಂದಲಿಲ್ಲ ಎಂದು ಪಕ್ಕದಲ್ಲಿ ಬರೆದಿಡಿ. ಸಂಶಯದ ಅಂಕಿಯನ್ನು ತೀರ್ಮಾನಿಸಲಷ್ಟೇ ಈ ಉಪಾಯ.

8. ಅಕ್ಷರದಲ್ಲಿ ಬರೆದ ಮೊತ್ತಕ್ಕೆ ಹೋಲಿಸಿ

ಪತ್ರಗಳಲ್ಲಿ ಅಂಕಿಯ ಪಕ್ಕದಲ್ಲೇ "ಅಕ್ಷರದಲ್ಲಿ ನಾಲ್ಕು ನೂರ ತೊಂಬತ್ತು ರೂಪಾಯಿ ಮಾತ್ರ" ಎಂದು ಇರುತ್ತದೆ. ಚೆಕ್ಕು, ಪ್ರಾಮಿಸರಿ ನೋಟು ಇಂಥ ಪತ್ರಗಳಲ್ಲಿ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ ಎಂದು 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೇ ಕಲಮು ಹೇಳುತ್ತದೆ. ಈ ಕಲಮು ಅಂಥ ಪತ್ರಗಳಿಗೆ ಸೇರಿದ್ದು. ನಿಮ್ಮ ಕೈಯಲ್ಲಿರುವುದು ಕ್ರಯಪತ್ರವೋ ವಿಭಾಗಪತ್ರವೋ ಆಗಿದ್ದು ತಕರಾರು ಇದ್ದರೆ ವಕೀಲರನ್ನು ಕೇಳಿ. ಓದುವ ಕೆಲಸಕ್ಕಂತೂ ಅಕ್ಷರವೇ ಮೇಲಾದ ಸಾಕ್ಷಿ.

ಆದರೂ ಅಕ್ಷರದಲ್ಲೂ ಜಾರುವ ಜಾಗಗಳಿವೆ. ಎಪ್ಪತ್ತು ಮತ್ತು ಎಂಬತ್ತು ಮಸುಕಾದಾಗ ಒಂದೇ ರೀತಿ ಕಾಣುತ್ತವೆ; ನಡುವಿನ ಒತ್ತಕ್ಷರವನ್ನೂ ಸೊನ್ನೆಯನ್ನೂ ನೋಡಿ ಬೇರೆ ಮಾಡಬೇಕು. ಹಳೆಯ ಕೈಗಳು ಇವನ್ನು ಯೆಪ್ಪತ್ತು, ಯೆಂಬತ್ತು ಎಂದು ಬರೆಯುತ್ತಿದ್ದುದುಂಟು. ತೊಂಬತ್ತರ ಮೊದಲ ಅಕ್ಷರ ಹರಿದ ಅಂಚಿಗೆ ಬಂದರೆ ಅದು ಒಂಬತ್ತು ಎನಿಸುತ್ತದೆ.

ಮರಾಠಿಯಲ್ಲಿ ಕನ್ನಡಿಗರು ಖಚಿತವಾಗಿ ಎಡವುವ ಒಂದು ಕಲ್ಲಿದೆ. ಏಕೋಣಪನ್ನಾಸ ಎಂದರೆ 51 ಅಲ್ಲ, 49. "ಏಕೋಣ" ಎಂದರೆ ಒಂದು ಕಡಿಮೆ. ಐವತ್ತಕ್ಕೆ ಒಂದು ಕಡಿಮೆ. 51ಕ್ಕೆ ಏಕ್ಕಾವನ್ನ ಎನ್ನುತ್ತಾರೆ. ಹಿಂದಿಯ ಉನಚಾಸ್ ಕೂಡ 49. ಅಲ್ಲಿ "ಉನ್" ಆ ಕೆಲಸ ಮಾಡುತ್ತದೆ. ಅಂಕಿಯಲ್ಲಿ ४९ ಎಂದು ಸರಿಯಾಗಿ ಓದಿ, ಅಕ್ಷರ ನೋಡಿ ಗಾಬರಿಯಾಗಿ ४१ ಎಂದೋ ५१ ಎಂದೋ ತಿದ್ದಿಕೊಂಡವರಿದ್ದಾರೆ.

9. ಯಂತ್ರ ಓದಿಕೊಟ್ಟ ಪಠ್ಯವಿದ್ದರೆ

ಫೋಟೋದಿಂದ ಪಠ್ಯ ತೆಗೆಯುವ ತಂತ್ರಾಂಶ ಮುದ್ರಿತ ಪುಟಕ್ಕೆ ಉಪಯುಕ್ತ, ಕೈಬರಹದ ಮೊತ್ತಕ್ಕೆ ನಾನು ಬಳಸುವುದಿಲ್ಲ. ಬಳಸಿದರೆ ಒಂದು ಗುಪ್ತ ತಪ್ಪನ್ನು ಹುಡುಕಲೇಬೇಕು: ಸೊನ್ನೆಯ ಜಾಗದಲ್ಲಿ ಅನುಸ್ವಾರ ಕೂತಿರುವುದು. ಕಣ್ಣಿಗೆ ೪೯೦ ಮತ್ತು ೪೯ಂ ಒಂದೇ, ಕಂಪ್ಯೂಟರಿಗೆ ಬೇರೆ. ಪೈಥಾನ್ ಬಲ್ಲವರು ಹೀಗೆ ಪರೀಕ್ಷಿಸಬಹುದು:

```
int("೪೯೦")   # 490
int("೪೯ಂ")   # ValueError
int("೪९0")   # 490
```

ಎರಡನೆಯ ಸಾಲು ತಪ್ಪನ್ನು ಹಿಡಿದುಕೊಟ್ಟಿತು. ಮೂರನೆಯದರಲ್ಲಿ ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರೂ ಬೆರೆತಿದ್ದರೂ ಪೈಥಾನ್ ಸುಮ್ಮನೆ ಒಪ್ಪಿಕೊಂಡಿತು. ಒಂದೇ ಸಂಖ್ಯೆಯಲ್ಲಿ ಎರಡು ಲಿಪಿ ಇದ್ದರೆ ಯಂತ್ರ ತಡವರಿಸಿದೆ ಎಂದೇ ಅರ್ಥ. ಆ ಸಂಖ್ಯೆಯನ್ನು ಚಿತ್ರದಲ್ಲಿ ನೀವೇ ಮತ್ತೆ ಓದಿ.

10. ಬರೆದಿಡುವ ಬಗೆ

ಮೊದಲು ದಾಖಲೆಯಲ್ಲಿರುವ ಲಿಪಿಯಲ್ಲೇ ನಕಲು ಮಾಡಿ, ಅದರ ಪಕ್ಕದಲ್ಲಿ ಇಂಗ್ಲಿಷ್ ಅಂಕಿಯಲ್ಲಿ ಬರೆಯಿರಿ. ನೇರವಾಗಿ ಇಂಗ್ಲಿಷ್ ಅಂಕಿಗೆ ಹೋದರೆ ನಾಳೆ ತಪ್ಪು ಕಂಡಾಗ ಅದು ಓದಿದ್ದರಲ್ಲಿ ಆದದ್ದೋ ಬದಲಿಸಿದ್ದರಲ್ಲಿ ಆದದ್ದೋ ತಿಳಿಯುವುದಿಲ್ಲ. ತೀರ್ಮಾನವಾಗದ ಅಂಕಿಗೆ ಎರಡೂ ಸಾಧ್ಯತೆಗಳನ್ನು ಆವರಣದಲ್ಲಿ ಇಡಿ: 4[6/9]–12–0. ಲೆಕ್ಕದಿಂದ ತೀರ್ಮಾನಿಸಿದ್ದಾದರೆ "ಒಟ್ಟಿನಿಂದ" ಎಂದು, ಅಕ್ಷರದಿಂದಾದರೆ "ಅಕ್ಷರದಿಂದ" ಎಂದು ಒಂದು ಪದದ ಟಿಪ್ಪಣಿ ಸಾಕು.

ಇನ್ನೊಬ್ಬರಿಗೆ ಚಿತ್ರವನ್ನಷ್ಟೇ ಕೊಟ್ಟು, ನಿಮ್ಮ ಓದನ್ನು ತೋರಿಸದೆ ಓದಿಸಿ. "ನಾಲ್ಕು ನೂರ ತೊಂಬತ್ತು" ಎಂದು ಹೇಳಿಸಬೇಡಿ. "ನಾಲ್ಕು, ಒಂಬತ್ತು, ಸೊನ್ನೆ" ಎಂದು ಅಂಕಿ ಅಂಕಿಯಾಗಿ ಹೇಳಿಸಿ. ಇಡೀ ಮೊತ್ತವಾಗಿ ಹೇಳುವಾಗ ನಾಲಿಗೆಗೆ ಒಗ್ಗುವ ಸಂಖ್ಯೆಯ ಕಡೆಗೆ ಕಣ್ಣು ವಾಲುತ್ತದೆ. "ಅಜ್ಜಿ, ಇದು ೬ ತಾನೇ?" ಎಂದು ಕೇಳಿದರೆ ಅಜ್ಜಿ ಹೌದೆನ್ನುತ್ತಾರೆ. "ಅಜ್ಜಿ, ಇದು ಎಷ್ಟು?" ಎಂದು ಕೇಳಿ.

ಇಷ್ಟಾದರೂ ಸಂಶಯ ಉಳಿದು, ಪತ್ರ ನೋಂದಣಿಯಾಗಿದ್ದರೆ ಒಂದು ದಾರಿ ಇನ್ನೂ ಇದೆ. ನೋಂದಣಿಯಾದ ಪತ್ರಗಳನ್ನು ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕದಲ್ಲಿ ಹಿಂದೆ ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದರು. ಅಲ್ಲಿಂದ ದೃಢೀಕೃತ ನಕಲು ಪಡೆಯಬಹುದು. ಆ ನಕಲು ಮಾಡಿದವರು ನಿಮ್ಮ ಪತ್ರವನ್ನು ಮಡಿಕೆ ಬೀಳುವ ಮೊದಲು, ಶಾಯಿ ಆರಿದ ಹೊಸತರಲ್ಲೇ ಓದಿದ್ದವರು, ಬರೆದದ್ದು ಬೇರೆ ಕೈಬರಹದಲ್ಲಿ. ಅರ್ಜಿಯ ಜೊತೆ ನೋಂದಣಿ ಸಂಖ್ಯೆ ಮತ್ತು ವರ್ಷ ಕೊಡಬೇಕಾಗುತ್ತದೆ. ಅವು ಸಾಮಾನ್ಯವಾಗಿ ಪತ್ರದ ಹಿಂಬದಿಯ ಷರಾದಲ್ಲಿರುತ್ತವೆ. ಆ ಸಂಖ್ಯೆಯ ಅಂಕಿಗಳನ್ನೂ ಮಾದರಿ ಪಟ್ಟಿಗೆ ಹೋಲಿಸಿ ಓದಲು ಹೋಗಬೇಡಿ. ಷರಾ ಬರೆದದ್ದು ಕಚೇರಿಯ ಗುಮಾಸ್ತರು, ಪತ್ರ ಬರೆದವರಲ್ಲ. ಅವರ ಕೈಗೆ ಬೇರೆಯೇ ಪಟ್ಟಿ ಬೇಕು.